ಸರ್ ಅನ್ನಬೇಕಾ, ಅಂಕಲ್ ಅನ್ನಬೇಕಾ? ಮನೆಯವರಂತಿರುವ ಹಿರಿಯ ಅಧಿಕಾರಿಗೆ ನಮಸ್ಕಾರ ಹೇಳುವ ಬಗೆ

ಅಪ್ಪನ ಹಳೆಯ ಗೆಳೆಯರು. ನೀವು ಚಿಕ್ಕವರಿದ್ದಾಗಿನಿಂದ ಮನೆಗೆ ಬಂದು ಹೋಗುವವರು. ಅವರನ್ನು ಅಂಕಲ್ ಅಂತಲೋ ಮಾಮ ಅಂತಲೋ ಕರೆದು ಅಭ್ಯಾಸ. ಈಗ ನೀವು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಅವರೇ ವಿಭಾಗದ ಮುಖ್ಯಸ್ಥರು. ಸೋಮವಾರ ಬೆಳಿಗ್ಗೆ ಎದುರಿಗೆ ಸಿಕ್ಕರೆ ಬಾಯಲ್ಲಿ ಏನು ಬರಬೇಕು?

ಸರ್ ಅಂದರೆ ದೂರ ಮಾಡಿದ ಹಾಗೆ. ಅಂಕಲ್ ಅಂದರೆ ಪಕ್ಕದಲ್ಲಿರುವವರ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಎಷ್ಟೋ ಜನ ಎರಡೂ ಬೇಡ ಅಂತ ಮೊಬೈಲ್ ನೋಡುತ್ತಾ ಪಕ್ಕಕ್ಕೆ ಸರಿದು ಹೋಗುತ್ತಾರೆ. ಮೂರರಲ್ಲಿ ಅದೇ ಕೆಟ್ಟದ್ದು. ಹಿರಿಯರಿಗೆ ಅದು ನೆನಪಿರುತ್ತದೆ, ಆ ಸುದ್ದಿ ಮನೆಗೂ ತಲುಪುತ್ತದೆ.

ಈ ಬರಹ ಇದೊಂದೇ ಸಂದರ್ಭದ ಬಗ್ಗೆ. ಕೆಲಸದಲ್ಲಿ ನಿಮಗಿಂತ ಮೇಲಿನವರು, ಅದೇ ಹೊತ್ತಿಗೆ ಮನೆಯವರಿಗೆ ಆಪ್ತರು. ನಾನು ಹೇಳುವುದರ ತಿರುಳು ಇಷ್ಟು: ಅವರು ನಿಮಗೆ ಏನಾಗಬೇಕು ಅನ್ನುವುದನ್ನು ನೋಡಿ ಕರೆಯುವ ಪದ ಆರಿಸಬೇಡಿ, ಆ ಹೊತ್ತಿಗೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವುದನ್ನು ನೋಡಿ ಆರಿಸಿ. ಮರ್ಯಾದೆಯನ್ನು ಕ್ರಿಯಾಪದದಲ್ಲಿ ಇಡಿ, ಅದು ಎಲ್ಲೂ ಬದಲಾಗಬಾರದು. ಆತ್ಮೀಯತೆಯನ್ನು ಮಾತಿನ ವಿಷಯದಲ್ಲಿ ತೋರಿಸಿ.

ಹಂತ 1: ನಮಸ್ಕಾರವನ್ನು ಮೂರು ತುಂಡು ಮಾಡಿ ನೋಡಿ

"ನಮಸ್ಕಾರ ಸರ್, ಹೇಗಿದ್ದೀರಿ? ಪ್ರಯಾಣ ಎಲ್ಲಾ ಚೆನ್ನಾಗಾಯ್ತಾ?" ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಇದರಲ್ಲಿ ಕರೆಯುವ ಪದ ಒಂದು, ಸರ್. ಕ್ರಿಯಾಪದದ ಕೊನೆ ಒಂದು, ಇದ್ದೀರಿ. ಕೇಳಿದ ವಿಷಯ ಒಂದು, ಪ್ರಯಾಣ. ಹೆಚ್ಚಿನವರು ಈ ಮೂರನ್ನೂ ಒಟ್ಟಿಗೆ ಏರಿಸುತ್ತಾರೆ ಅಥವಾ ಒಟ್ಟಿಗೆ ಇಳಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಮೂರನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಕ್ರಿಯಾಪದದ ವಿಷಯ ಸುಲಭ. ಬನ್ನಿ, ಕೂತ್ಕೊಳ್ಳಿ, ಹೇಗಿದ್ದೀರಿ, ಯಾವಾಗ ಬಂದ್ರಿ. ಕಚೇರಿಯಲ್ಲೂ ಇದೇ, ಮನೆಯಲ್ಲೂ ಇದೇ. ಅಂಕಲ್ ಅಂದರೂ ಬಹುವಚನ ಬಿಡಬೇಡಿ. "ಅಂಕಲ್, ಕೂತ್ಕೊಳ್ಳಿ" ಅನ್ನುವುದರಲ್ಲಿ ಸಲಿಗೆಯೂ ಇದೆ, ಮರ್ಯಾದೆಯೂ ಇದೆ, ಒಂದು ಇನ್ನೊಂದನ್ನು ತಿನ್ನುವುದಿಲ್ಲ.

ನೀವು ಇರುವಾಗ ತಾವು ಬೇಕಾ? ಬೇಡ. "ತಾವು ಯಾವಾಗ ಬಂದಿರಿ" ಅಂತ ನಿಮ್ಮನ್ನು ಎತ್ತಿ ಆಡಿಸಿದವರಿಗೆ ಕೇಳಿದರೆ ಅವರಿಗೆ ಇರುಸುಮುರುಸಾಗುತ್ತದೆ. ವೇದಿಕೆಯ ಮೇಲೆ ಸ್ವಾಗತ ಹೇಳುವಾಗ ಅದು ಇರಲಿ, ಎದುರಾಬದುರು ಮಾತಿಗೆ ಜಾಸ್ತಿಯಾಯಿತು. ಹೆಸರಿನ ಮುಂದೆ "ಅವರೇ" ಅಂತ ಸೇರಿಸಿ ಕರೆಯುವುದೂ ಹಾಗೇ. ಮೇಲಿನವರು ಕೆಳಗಿನವರನ್ನು, ಇಲ್ಲವೇ ಸಮಾನರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ. ಕಿರಿಯರ ಬಾಯಲ್ಲಿ ಅದು ಮರ್ಯಾದೆಯಂತೆ ಕಂಡರೂ ಒಂದು ಬಗೆಯ ಸಮಾನತೆಯನ್ನು ಸಾರುತ್ತದೆ. "ಏನ್ರೀ" ಕೂಡ ಅಷ್ಟೇ. ಬಹುವಚನ ಹೌದು, ಆದರೆ ಸಮಾನರ ಮಾತು. ಕೆಲವು ಕಡೆಯ ಕನ್ನಡದಲ್ಲಿ ಮಾತುಮಾತಿಗೂ ರೀ ಸೇರಿಸುವುದೇ ಗೌರವ. ಆ ಮಾತು ನಿಮ್ಮದಾಗಿದ್ದರೆ, ಅವರದೂ ಆಗಿದ್ದರೆ, ಹಾಗೇ ಮಾತಾಡಿ.

ಈಗ ತುಂಬಾ ಉಪಯೋಗಕ್ಕೆ ಬರುವ ವಿಷಯ. ಕನ್ನಡದಲ್ಲಿ ಕರೆಯುವ ಪದವನ್ನು ಪೂರ್ತಿ ಬಿಟ್ಟುಬಿಡಬಹುದು. "ನಮಸ್ಕಾರ, ಚೆನ್ನಾಗಿದ್ದೀರಾ?" ಇದರಲ್ಲಿ ಸರ್ ಇಲ್ಲ, ಅಂಕಲ್ ಇಲ್ಲ, ನೀವು ಅನ್ನುವುದೂ ಇಲ್ಲ. ಆದರೂ ಇದ್ದೀರಾ ಅನ್ನುವುದರಲ್ಲೇ ಮರ್ಯಾದೆ ಕೂತಿದೆ. ಸುತ್ತ ಯಾರಿದ್ದಾರೆ ಅಂತ ತಿಳಿಯದಿದ್ದಾಗ, ಫೋನ್ ಎತ್ತಿದ ಮೊದಲ ಕ್ಷಣದಲ್ಲಿ, ಅವರ ಜೊತೆ ಅಪರಿಚಿತರು ನಿಂತಿದ್ದಾಗ ಇದನ್ನು ಹೇಳಿ. ಆಮೇಲೆ ಅವರು ಹೇಗೆ ಉತ್ತರ ಕೊಡುತ್ತಾರೆ ಅಂತ ನೋಡಿಕೊಂಡು ಪದ ಸೇರಿಸಿ. ಒಂದು ಎಚ್ಚರ ಇರಲಿ. ಇದು ಮೊದಲ ಒಂದೆರಡು ವಾಕ್ಯಕ್ಕೆ ಮಾತ್ರ. ತಿಂಗಳುಗಟ್ಟಲೆ ಏನೂ ಕರೆಯದೆ ಮಾತಾಡಿದರೆ ಅವರಿಗೆ ಗೊತ್ತಾಗೇ ಆಗುತ್ತದೆ, ಬೇಜಾರೂ ಆಗುತ್ತದೆ. ಹಿಂದಿನಿಂದ ಕರೆಯಬೇಕಾಗಿ ಬಂದರಂತೂ ಏನು ಮಾಡುತ್ತೀರಿ?

ಹಂತ 2: ಕೆಲಸಕ್ಕೆ ಸೇರುವ ಮೊದಲೇ ಅವರಿಗೆ ಹೇಳಿಬಿಡಿ

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಒಬ್ಬ ಹುಡುಗಿ, ಮೊದಲ ಕೆಲಸ. ವಿಭಾಗದ ಮುಖ್ಯಸ್ಥರು ಅವಳ ತಂದೆಯ ಜೊತೆ ಓದಿದವರು. ಅವಳು ಅವರನ್ನು ಅಂಕಲ್ ಅನ್ನುತ್ತಾಳೆ, ಅವರ ಹೆಂಡತಿಯನ್ನು ಆಂಟಿ ಅನ್ನುತ್ತಾಳೆ. ಅವರು ಇವಳನ್ನು ಪುಟ್ಟಿ ಅಂತ ಕರೆಯುತ್ತಾರೆ. ಸೋಮವಾರ ಸೇರಬೇಕು.

ಅವಳು ಮಾಡಬೇಕಾದ ಮೊದಲ ಕೆಲಸ, ಭಾನುವಾರದೊಳಗೆ ಒಂದು ಫೋನ್. ಅದೂ ಮನೆಯ ಮಾತಿನಲ್ಲೇ:

"ಅಂಕಲ್, ನಾಳೆಯಿಂದ ಬರ್ತಿದ್ದೀನಿ. ಅಲ್ಲಿ ಎಲ್ಲರ ಹಾಗೆ ನಾನೂ ನಿಮ್ಮನ್ನ ಸರ್ ಅಂತಲೇ ಕರೀತೀನಿ, ಪರವಾಗಿಲ್ಲ ಅಲ್ವಾ?"

ಇಷ್ಟೇ. ಈ ಮಾತನ್ನು ಕಟ್ಟಿರುವ ಬಗೆಯನ್ನು ಸ್ವಲ್ಪ ಗಮನಿಸಿ. ಸರ್ ಅನ್ನುತ್ತೇನೆ ಅಂತ ಹೇಳುವ ವಾಕ್ಯ ಅಂಕಲ್ ಅಂತ ಶುರುವಾಗಿದೆ, ಹಾಗಾಗಿ ಸಂಬಂಧ ಎಲ್ಲೂ ಹೋಗಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. "ಎಲ್ಲರ ಹಾಗೆ" ಅನ್ನುವುದರಲ್ಲಿ ಕಾರಣವೂ ಬಂತು. ಮುಖ್ಯವಾಗಿ, ಅವಳು "ನಿಮ್ಮನ್ನ ಏನಂತ ಕರೀಲಿ?" ಅಂತ ಕೇಳಿಲ್ಲ.

ಯಾಕೆ ಕೇಳಬಾರದು ಅಂದರೆ, ಹಾಗೆ ಕೇಳಿದಾಗ ಹಿರಿಯರು ದಾಕ್ಷಿಣ್ಯಕ್ಕೆ ಸಿಕ್ಕಿಬೀಳುತ್ತಾರೆ. ಗೆಳೆಯನ ಮಗಳಿಗೆ "ನನ್ನನ್ನ ಸರ್ ಅನ್ನು" ಅಂತ ಬಾಯಿಬಿಟ್ಟು ಹೇಳುವುದು ಯಾರಿಗಾದರೂ ಕಷ್ಟ. "ಅಯ್ಯೋ, ಏನಾದ್ರೂ ಕರಿಯಮ್ಮ" ಅಂತಾರೆ. ಅದು ಉತ್ತರ ಅಲ್ಲ, ಸೌಜನ್ಯ. ಅದನ್ನೇ ನಂಬಿ ಎಲ್ಲರ ಮುಂದೆ ಅಂಕಲ್ ಅಂದರೆ ಅವರು ಏನೂ ಹೇಳಲಾಗದೆ ಒಳಗೇ ಮುದುಡುತ್ತಾರೆ. ನೀವೇ ನಿರ್ಧಾರ ಮಾಡಿ ಒಪ್ಪಿಗೆ ಕೇಳಿದರೆ ಅವರಿಗೆ "ಸರಿ ಪುಟ್ಟಿ, ಅದೇ ಒಳ್ಳೇದು" ಅನ್ನುವುದು ಸುಲಭ.

ಅವರು "ಏನೂ ಬೇಡ, ಅಂಕಲ್ ಅಂತಲೇ ಕರಿ" ಅಂತ ನಿಜವಾಗಿ ಒತ್ತಾಯ ಮಾಡಿದರೆ? ಆಗಲೂ ಒಂದು ಸಣ್ಣ ಗಡಿ ಹಾಕಿಕೊಳ್ಳಿ. "ನಾವಿಬ್ಬರೇ ಇದ್ದಾಗ ಅಂಕಲ್, ನಾಲ್ಕು ಜನ ಇದ್ದಾಗ ಸರ್" ಅಂತ ನಗುತ್ತಾ ಹೇಳಿ. ಇದನ್ನು ಬೇಡ ಅನ್ನುವ ಹಿರಿಯರು ಕಡಿಮೆ.

ಭಾಷೆಯನ್ನು ಅಧ್ಯಯನ ಮಾಡುವವರು ಈ ವಿಷಯವನ್ನು ಬಹಳ ಹಿಂದೆಯೇ ನೋಡಿದ್ದಾರೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನುವ ಇಬ್ಬರು ಯುರೋಪಿನ ಭಾಷೆಗಳಲ್ಲಿ ನೀನು ಮತ್ತು ನೀವು ಹೇಗೆ ಬಳಕೆಯಾಗುತ್ತವೆ ಅಂತ ಪರಿಶೀಲಿಸಿದರು. ಇದರ ಹಿಂದೆ ಎರಡು ಎಳೆಗಳಿವೆ ಅಂದರು. ಒಂದು ಯಾರು ಮೇಲೆ ಯಾರು ಕೆಳಗೆ ಅನ್ನುವುದು, ಇನ್ನೊಂದು ಎಷ್ಟು ಹತ್ತಿರ ಅನ್ನುವುದು. ಒಬ್ಬರೇ ವ್ಯಕ್ತಿ ಮೇಲಿನವರೂ ಹತ್ತಿರದವರೂ ಆದಾಗ ಈ ಎರಡು ಎಳೆಗಳು ಎರಡು ಕಡೆಗೆ ಜಗ್ಗುತ್ತವೆ. ನಿಮ್ಮ ಪರಿಸ್ಥಿತಿಯೂ ಅದೇ. ಅವರು ಗಮನಿಸಿದ ಇನ್ನೊಂದು ಸಂಗತಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಲಿಗೆಯ ಕಡೆಗೆ ಮೊದಲ ಹೆಜ್ಜೆ ಇಡುವ ಅವಕಾಶ ಹಿರಿಯರದು, ಮೇಲಿನವರದು. ಕಿರಿಯರು ತಾವಾಗಿ ಇಟ್ಟರೆ ಅಷ್ಟು ಚೆನ್ನಾಗಿರುವುದಿಲ್ಲ. ಹಾಗಾಗಿ ಸಂದೇಹ ಇದ್ದರೆ ಸರ್‌ನಿಂದ ಶುರು ಮಾಡಿ. ಅಲ್ಲಿಂದ ಅಂಕಲ್‌ಗೆ ಇಳಿಯುವುದು ಸುಲಭ. ಎಲ್ಲರ ಮುಂದೆ ಅಂಕಲ್ ಅಂತ ಶುರು ಮಾಡಿ ಆಮೇಲೆ ಸರ್‌ಗೆ ಹೋದರೆ, ನಡುವೆ ಏನೋ ಮನಸ್ತಾಪ ಆಗಿದೆ ಅಂತ ಜನ ಅಂದುಕೊಳ್ಳುತ್ತಾರೆ.

ಹಂತ 3: ಬಾಯಿ ತೆಗೆಯುವ ಮೊದಲು ಕಿವಿಗಳನ್ನು ಎಣಿಸಿ

ಈಗ ಸೋಮವಾರ. ಅವಳು ಲಿಫ್ಟ್ ಹತ್ತುತ್ತಾಳೆ, ಒಳಗೆ ಅವರಿದ್ದಾರೆ. ಜೊತೆಗೆ ಇನ್ನೂ ಮೂವರು.

"ನಮಸ್ಕಾರ ಸರ್."

ಅಷ್ಟಕ್ಕೆ ನಿಲ್ಲಿಸಬೇಕು. ನಗು ಇರಲಿ, ಕಣ್ಣು ಕೊಟ್ಟು ಹೇಳಿ. ಸರ್ ಅನ್ನುವ ಪದ ದೂರ ಮಾಡುವುದಿಲ್ಲ, ಅದನ್ನು ಹೇಳುವಾಗ ನೆಲ ನೋಡಿದರೆ ದೂರವಾಗುತ್ತದೆ. ಅಮ್ಮ ಕೇಳಿದ್ರು, ಆಂಟಿ ಹೇಗಿದ್ದಾರೆ, ಮೊನ್ನೆ ಬಂದಾಗ ನೀವು ಸಿಗಲಿಲ್ಲ ಅನ್ನುವ ಯಾವ ಮಾತೂ ಇಲ್ಲಿ ಬೇಡ. ಇದನ್ನು ಬಹಳ ಜನ ಮರೆಯುತ್ತಾರೆ. ಸರ್ ಅಂದುಬಿಟ್ಟರೆ ಆಯಿತು ಅಂತ ಪದ ಮಾತ್ರ ಬದಲಿಸಿ, ವಿಷಯವನ್ನು ಮನೆಯದ್ದೇ ಇಟ್ಟುಕೊಳ್ಳುತ್ತಾರೆ. "ಸರ್, ಅಪ್ಪ ಭಾನುವಾರ ಬರ್ತೀವಿ ಅಂದ್ರು" ಅಂತ ನಾಲ್ಕು ಜನರ ಮುಂದೆ ಹೇಳಿದರೆ, ಅಂಕಲ್ ಅಂದಿದ್ದಕ್ಕಿಂತ ಜಾಸ್ತಿ ವಿಷಯ ಹೊರಗೆ ಬಂತು. ಆ ಮೂವರಲ್ಲಿ ಒಬ್ಬರಾದರೂ ಸಂಜೆಯೊಳಗೆ ಇನ್ನೊಬ್ಬರಿಗೆ ಹೇಳುತ್ತಾರೆ. ನಾಳೆ ಅವಳಿಗೆ ಒಳ್ಳೆಯ ಕೆಲಸ ಸಿಕ್ಕಿದರೆ ಕಾರಣ ಇದೇ ಅಂತಲೂ ಹೇಳುತ್ತಾರೆ.

ಸಂಬಂಧ ಇದೆ ಅನ್ನುವುದನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳುವ ಹಕ್ಕು ಮೊದಲು ಅವರದು. ಅವರೇ ಎಲ್ಲರ ಮುಂದೆ "ಇವಳು ನನ್ನ ಗೆಳೆಯನ ಮಗಳು" ಅಂದರೆ ಆಯಿತು, ಅವತ್ತಿಗೆ ಅದು ಗುಟ್ಟಲ್ಲ. ಯಾರಾದರೂ ನಿಮ್ಮನ್ನೇ ನೇರವಾಗಿ ಕೇಳಿದರೆ "ಹೌದು, ಅಪ್ಪನಿಗೆ ಪರಿಚಯ" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿ. ಸುಳ್ಳು ಹೇಳಲೇಬಾರದು, ಅದು ಹೊರಗೆ ಬಂದಾಗ ಇಬ್ಬರಿಗೂ ಕೆಟ್ಟ ಹೆಸರು. ಎಲ್ಲರಿಗೂ ತಿಳಿದ ಮೇಲೂ ಕಚೇರಿಯಲ್ಲಿ ಸರ್ ಸರ್ ಆಗಿಯೇ ಇರಲಿ. ನೇಮಕಾತಿ, ಬಡ್ತಿ, ಮೌಲ್ಯಮಾಪನದಂಥ ವಿಷಯ ಅವರ ಕೈಯಲ್ಲಿದ್ದರಂತೂ ಕಚೇರಿಯ ನಿಯಮ ಏನಿದೆಯೋ ಅದರಂತೆ ತಿಳಿಸಬೇಕಾದವರಿಗೆ ಮೊದಲೇ ತಿಳಿಸಿರಬೇಕು. ಎಷ್ಟೇ ಜಾಣತನದಿಂದ ನಮಸ್ಕಾರ ಹೇಳಿದರೂ ಅದಕ್ಕೆ ಬದಲಿಯಾಗುವುದಿಲ್ಲ.

ಅದೇ ಲಿಫ್ಟ್, ಬುಧವಾರ. ಒಳಗೆ ಅವರೊಬ್ಬರೇ. ಈಗ?

"ನಮಸ್ಕಾರ ಸರ್. ಆಂಟಿ ಕಾಲು ನೋವು ಕಡಿಮೆ ಆಯ್ತಾ?"

ಪದ ಕಚೇರಿಯದು, ವಿಷಯ ಮನೆಯದು. ನನ್ನ ಅನುಭವದಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವ ಬಗೆ ಇಲ್ಲ. ಲಿಫ್ಟ್ ಬಾಗಿಲು ಯಾವಾಗ ಬೇಕಾದರೂ ತೆರೆದುಕೊಳ್ಳಬಹುದು, ಕಾರಿಡಾರಿನ ತಿರುವಿನಲ್ಲಿ ಯಾರು ಬೇಕಾದರೂ ಬರಬಹುದು. ಬಾಯಲ್ಲಿ ಸರ್ ಇದ್ದರೆ ನಡುವೆ ಯಾರು ಬಂದರೂ ಪದ ಬದಲಿಸುವ ಗಡಿಬಿಡಿ ಇರುವುದಿಲ್ಲ, ವಿಷಯವನ್ನಷ್ಟೇ ನಿಲ್ಲಿಸಿದರೆ ಸಾಕು. ಅವರಿಗೋ, ಆಂಟಿಯ ಕಾಲು ನೋವು ನೆನಪಿಟ್ಟುಕೊಂಡು ಕೇಳಿದ್ದರಲ್ಲೇ ಎಲ್ಲಾ ಸಿಕ್ಕಿತು. ಸುಮ್ನೆ "ಎಲ್ಲಾ ಆರಾಮಾ?" ಅನ್ನುವುದಕ್ಕಿಂತ ಒಂದು ನಿಜವಾದ ಸಂಗತಿ ಹಿಡಿದು ಕೇಳಿದರೆ ಹತ್ತು ಸಲ ಅಂಕಲ್ ಅಂದಿದ್ದಕ್ಕಿಂತ ಹೆಚ್ಚು ಆತ್ಮೀಯವಾಗಿರುತ್ತದೆ.

ಕಾಯಿಲೆ, ಹಣ, ಮಕ್ಕಳ ಮದುವೆಯ ಮಾತುಕತೆಯಂಥ ವಿಷಯ ಮಾತ್ರ ಕಚೇರಿಯಲ್ಲಿ ಒಬ್ಬರೇ ಸಿಕ್ಕರೂ ಎತ್ತಬೇಡಿ. ಕಾಲು ನೋವು ಕೇಳಬಹುದು, ಆಪರೇಷನ್ ವಿಷಯ ಬೇಡ. ಅಂಥದ್ದನ್ನು ಸಂಜೆ ಫೋನಿನಲ್ಲಿ ಕೇಳಿ.

ಹಂತ 4: ಅವರ ಮಾತಿನಿಂದ ಸೂಚನೆ ಹಿಡಿಯಿರಿ, ಆದರೆ ಅದನ್ನೇ ತಿರುಗಿಸಿ ಕೊಡಬೇಡಿ

ಅವರು ನಿಮ್ಮನ್ನು ಹೇಗೆ ಕರೆಯುತ್ತಾರೆ ಅನ್ನುವುದರಲ್ಲಿ ಬೇಕಾದಷ್ಟು ಮಾಹಿತಿ ಇರುತ್ತದೆ. ಮನೆಯಲ್ಲಿ "ಬಾರಮ್ಮ" ಅನ್ನುವವರು ಸಭೆಯಲ್ಲಿ "ನೀವು ಹೇಳಿ" ಅಂದರೆ ಅದು ಕೋಪ ಅಲ್ಲ. ಇಲ್ಲಿ ನಾವು ಹೀಗಿರೋಣ ಅಂತ ಅವರು ಹಾಕಿದ ಗೆರೆ. ಅದನ್ನು ಹಾಗೇ ಒಪ್ಪಿಕೊಂಡು ಪೂರ್ತಿ ಕಚೇರಿಯ ಮಾತಿಗೆ ಬನ್ನಿ. ಸಂಜೆ ಅಮ್ಮನ ಹತ್ತಿರ "ಅಂಕಲ್ ಬದಲಾಗಿಬಿಟ್ಟಿದ್ದಾರೆ" ಅಂತ ಹೇಳಬೇಡಿ, ಪಾಪ, ಅವರು ನಿಮ್ಮ ಒಳ್ಳೆಯದಕ್ಕೇ ಹಾಗೆ ಮಾಡಿರುತ್ತಾರೆ.

ಇದಕ್ಕೆ ಉಲ್ಟಾ ಆಗುವುದೂ ಇದೆ. ಸಭೆಯ ನಡುವೆ ಅವರೇ "ಹೇಳೋ, ನೀನು ಏನಂತೀಯ?" ಅಂದುಬಿಡುತ್ತಾರೆ. ಇಲ್ಲಿ ಎಡವುವವರು ಜಾಸ್ತಿ. ಅವರು ಏಕವಚನಕ್ಕೆ ಇಳಿದರು ಅಂದ ಮಾತ್ರಕ್ಕೆ ನಿಮಗೂ ಸಲಿಗೆಯ ಬಾಗಿಲು ತೆರೆಯಿತು ಅಂತ ಅರ್ಥವಲ್ಲ. ಹಿರಿಯರು ಕಿರಿಯರಿಗೆ ನೀನು ಅನ್ನುವುದು, ಕಿರಿಯರು ನೀವು ಅನ್ನುವುದು ನಮ್ಮ ಮಾತಿನಲ್ಲಿ ಸಹಜವಾಗಿ ನಡೆದುಕೊಂಡು ಬಂದಿರುವ ಅಸಮ ಜೋಡಿ. ಆದ್ದರಿಂದ ಅವರ "ಏನಂತೀಯ" ಅನ್ನುವುದಕ್ಕೆ ನಿಮ್ಮ ಉತ್ತರ "ನನಗನ್ನಿಸುತ್ತೆ ಸರ್" ಅಂತಲೇ ಇರಲಿ. ಆಹ್ವಾನ ಅಂದರೆ ಹೀಗಿರುತ್ತದೆ: "ಏನು ಸರ್ ಸರ್ ಅಂತೀಯ, ಅಂಕಲ್ ಅನ್ನು." ಕರೆಯುವ ಪದದ ಬಗ್ಗೆಯೇ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಆಹ್ವಾನ. ಆಗಲೂ ಎಲ್ಲಿ ಹೇಳಿದರು ಅಂತ ನೋಡಿ. ಮನೆಯಲ್ಲಿ ಹೇಳಿದ್ದು ಮನೆಗೆ. ಇಬ್ಬರೇ ಇದ್ದಾಗ ಹೇಳಿದ್ದು ಇಬ್ಬರೇ ಇದ್ದಾಗಿಗೆ. ಎಲ್ಲರ ಮುಂದೆ ಹೇಳಿದರೆ, ಆ ಹೊತ್ತಿಗೆ "ಆಯ್ತು ಅಂಕಲ್" ಅಂತ ಒಂದು ಸಲ ಅಂದು ಅವರ ಮಾತಿಗೆ ಬೆಲೆ ಕೊಡಿ, ಮುಂದಿನ ಕೆಲಸದ ಮಾತು ಬಂದಾಗ ಸರ್‌ಗೆ ಹಿಂದಿರುಗಿ. ಅವರು ಮತ್ತೆ ತಿದ್ದಿದರೆ ಅದು ಅವರ ನಿಜವಾದ ಇಷ್ಟ. ತಿದ್ದದಿದ್ದರೆ ನೀವು ಮಾಡಿದ್ದೇ ಸರಿ.

ಪುಟ್ಟಿ ಅನ್ನುವ ಹೆಸರಿನ ವಿಷಯಕ್ಕೆ ಬರೋಣ. ಗುರುವಾರ ತಂಡದ ಸಭೆ. ಆರು ಜನ ಕೂತಿದ್ದಾರೆ. ಅವರು ಅಭ್ಯಾಸ ಬಲದಿಂದ "ಪುಟ್ಟಿ, ಆ ವರದಿ ಕಳಿಸಿದ್ಯಾ?" ಅಂದುಬಿಟ್ಟರು. ಎರಡು ಮುಖದಲ್ಲಿ ನಗು ಬಂತು. ಅವಳು ಏನು ಮಾಡಬೇಕು? ನಾಚಿಕೊಳ್ಳಬಾರದು, ಸುತ್ತ ನೋಡಬಾರದು, "ಹೌದು ಸರ್, ಹನ್ನೊಂದು ಗಂಟೆಗೇ ಕಳಿಸಿದ್ದೀನಿ" ಅಂತ ಎಂದಿನ ಸ್ವರದಲ್ಲಿ ಉತ್ತರ ಕೊಡಬೇಕು. ಅವಳ ಸರ್ ಕೇಳಿದ ತಕ್ಷಣ ಅವರಿಗೇ ಗೊತ್ತಾಗುತ್ತದೆ, ಮುಂದಿನ ಸಲ ಹೆಸರು ಹಿಡಿದೇ ಕರೆಯುತ್ತಾರೆ.

ಮತ್ತೆ ಮತ್ತೆ ಆದರೆ ಹೇಳಲೇಬೇಕು, ಒಬ್ಬರೇ ಇದ್ದಾಗ, ಕಚೇರಿಯ ಹೊರಗೆ. "ಅಂಕಲ್, ಮನೇಲಿ ಪುಟ್ಟಿ ಅಂತಲೇ ಕರೀರಿ, ನನಗೂ ಅದೇ ಇಷ್ಟ. ಆಫೀಸಲ್ಲಿ ಮಾತ್ರ ಹೆಸರು ಹೇಳಿದ್ರೆ ನನಗೆ ಅನುಕೂಲ." ಸಭೆಯಲ್ಲಿ ಹೆಸರು ಹಿಡಿದು ಕರೆಯಿರಿ ಅಂತ ಕೇಳುವಾಗ ಅವಳು ಸರ್ ಅಂದಿಲ್ಲ, ಅಂಕಲ್ ಅಂದಿದ್ದಾಳೆ. ಇದನ್ನೇ "ಸರ್, ದಯವಿಟ್ಟು ನನ್ನನ್ನು ಹೆಸರಿನಿಂದ ಕರೆಯಿರಿ" ಅಂದಿದ್ದರೆ ದೂರು ಕೊಟ್ಟ ಹಾಗಾಗುತ್ತಿತ್ತು. ದೂರ ಬೇಕು ಅಂತ ಕೇಳುವಾಗ ಹತ್ತಿರದ ಪದದಲ್ಲಿ ಕೇಳಿ.

ಹಂತ 5: ಬರೆಯುವಾಗ ಇನ್ನೊಂದು ಲೆಕ್ಕ

ಬಾಯಿಮಾತು ಅಲ್ಲಿಗೇ ಮುಗಿಯುತ್ತದೆ. ಬರೆದದ್ದು ಉಳಿಯುತ್ತದೆ, ಮುಂದೆ ಕಳಿಸಲ್ಪಡುತ್ತದೆ. ಇಮೇಲ್ ಆದರೆ ಯಾರಿಗೆ ಕಳಿಸುತ್ತಿದ್ದೀರಿ ಅನ್ನುವುದರ ಜೊತೆಗೆ ನಾಳೆ ಅದು ಯಾರ ಕೈಗೆ ಹೋಗಬಹುದು ಅಂತಲೂ ಯೋಚಿಸಿ. ಅವರೊಬ್ಬರಿಗೇ ಬರೆದ ಇಮೇಲನ್ನು ಅವರು ಇನ್ನೊಬ್ಬರಿಗೆ ದಾಟಿಸಬಹುದು. ಅದರಲ್ಲಿ "ಅಂಕಲ್" ಅಂತಿದ್ದರೆ ಅವರಿಗೇ ಮುಜುಗರ. ಕಚೇರಿಯ ಇಮೇಲಿನಲ್ಲಿ "ನಮಸ್ಕಾರ ಸರ್" ಅಂತ ಶುರು ಮಾಡಿ ನೇರ ವಿಷಯಕ್ಕೆ ಬನ್ನಿ. "ಮಾನ್ಯರೇ" ಬೇಡ, ಅದು ಅರ್ಜಿಯ ಧಾಟಿ.

ವಾಟ್ಸಾಪ್‌ನಲ್ಲಿ ಒಂದು ತೊಡಕಿದೆ. ಒಂದೇ ಹೆಸರಿನ ಕೆಳಗೆ ಹೋದ ವರ್ಷದ ಹಬ್ಬದ ಶುಭಾಶಯವೂ ಇರುತ್ತದೆ, ಇವತ್ತಿನ ಕೆಲಸದ ಸಂದೇಶವೂ ಇರುತ್ತದೆ. ಮೇಲೆ ಅಂಕಲ್, ಕೆಳಗೆ ಸರ್. ಇದರಿಂದ ಏನೂ ಹಾಳಾಗುವುದಿಲ್ಲ. ಒಂದೇ ಸಂದೇಶದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ. "ಸರ್, ವರದಿ ಕಳಿಸಿದ್ದೀನಿ, ನೋಡಿ" ಒಂದು ಸಂದೇಶ. "ಅಂಕಲ್, ಅಪ್ಪ ನಿಮಗೆ ಫೋನ್ ಮಾಡಬೇಕಂತೆ, ಯಾವಾಗ ಬಿಡುವಿರುತ್ತೆ?" ಇನ್ನೊಂದು ಸಂದೇಶ, ಅದೂ ಕೆಲಸದ ಹೊತ್ತು ಮುಗಿದ ಮೇಲೆ. ಮೊದಲನೆಯದನ್ನು ಅವರು ಯಾರಿಗಾದರೂ ತೋರಿಸಬೇಕಾದರೆ ತೋರಿಸಬಹುದು. ತಂಡದ ಗುಂಪಿನಲ್ಲಿ ಅವರ ಹುಟ್ಟುಹಬ್ಬಕ್ಕೆ ಎಲ್ಲರೂ ಬರೆದ ಹಾಗೆ "ಶುಭಾಶಯಗಳು ಸರ್" ಅಂತ ಬರೆಯಿರಿ. ಮನೆಯ ಶುಭಾಶಯ ಬೇರೆಯಾಗಿ ಹೋಗಲಿ.

ಫೋನ್ ಮಾಡಿದಾಗ ಆ ಕಡೆ ಯಾರಿದ್ದಾರೆ ಅಂತ ಕಾಣಿಸುವುದಿಲ್ಲ, ಸ್ಪೀಕರ್ ಹಾಕಿದ್ದಾರಾ ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಪದವಿಲ್ಲದ ನಮಸ್ಕಾರ: "ನಮಸ್ಕಾರ, ಈಗ ಮಾತಾಡಬಹುದಾ?" ಅವರು "ಹೇಳಮ್ಮ" ಅಂದರೆ ಪಕ್ಕದಲ್ಲಿ ಯಾರೂ ಇಲ್ಲದಿರಬಹುದು. "ಹಾಂ, ಹೇಳಿ" ಅಂದರೆ ಯಾರೋ ಇದ್ದಾರೆ.

ಹಂತ 6: ಅವರ ಮನೆಗೆ ಹೋದಾಗ ಸರ್ ಅನ್ನು ಹೊರಗೇ ಬಿಡಿ

ಕಚೇರಿಯಲ್ಲಿ ತಪ್ಪು ಮಾಡುವವರಿಗಿಂತ ಇಲ್ಲಿ ತಪ್ಪು ಮಾಡುವವರೇ ಹೆಚ್ಚು. ವಾರವಿಡೀ ಸರ್ ಅಂದು ಅಂದು ನಾಲಿಗೆಗೆ ಅದೇ ಹತ್ತಿರುತ್ತದೆ. ಭಾನುವಾರ ಅಪ್ಪ ಅಮ್ಮನ ಜೊತೆ ಅವರ ಮನೆಗೆ ಹೋದಾಗ ಬಾಗಿಲಲ್ಲೇ "ನಮಸ್ಕಾರ ಸರ್" ಅಂದುಬಿಡುತ್ತಾರೆ. ಆ ಮನೆಯಲ್ಲಿ ಅವರು ಯಾರಿಗೂ ಸರ್ ಅಲ್ಲ. ಆಂಟಿಗೆ ಬೇಜಾರಾಗುತ್ತದೆ, ನಿಮ್ಮ ಅಪ್ಪನಿಗೆ ಮುಜುಗರವಾಗುತ್ತದೆ, ಯಾಕೆಂದರೆ ಇಬ್ಬರು ಗೆಳೆಯರ ನಡುವೆ ಇಲ್ಲದ ಏರುತಗ್ಗನ್ನು ನೀವು ತಂದು ಇಟ್ಟ ಹಾಗಾಯಿತು. ಮಗಳು ಸರ್ ಅಂದರೆ ಅಪ್ಪ ತನ್ನ ಗೆಳೆಯನನ್ನು ಹಳೆಯ ಹಾಗೆ ಏಕವಚನದಲ್ಲಿ ಮಾತಾಡಿಸಲೂ ಹಿಂದೆಮುಂದೆ ನೋಡುತ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನೀವು ಆರಿಸುವ ಪದ ನಿಮ್ಮಿಬ್ಬರನ್ನು ಮಾತ್ರವಲ್ಲ, ಎರಡು ಮನೆಯವರನ್ನೂ ತಟ್ಟುತ್ತದೆ.

ಹಾಗಾದರೆ ಮನೆಯಲ್ಲಿ: "ಅಂಕಲ್, ಚೆನ್ನಾಗಿದ್ದೀರಾ? ಆಂಟಿ ಎಲ್ಲಿ?" ಕ್ರಿಯಾಪದ ಅದೇ ಬಹುವಚನ. ವಿಷಯ ಪೂರ್ತಿ ಮನೆಯದು. ಕಚೇರಿಯ ಮಾತನ್ನು ನೀವಾಗಿ ಎತ್ತಬೇಡಿ. ಅವರೇ ಎತ್ತಿದರೆ ಚುಟುಕಾಗಿ ಉತ್ತರ ಕೊಡಿ, ಬೇರೆ ಸಹೋದ್ಯೋಗಿಗಳ ಬಗ್ಗೆ ಮಾತ್ರ ಏನೂ ಹೇಳಬೇಡಿ.

ಜಾಸ್ತಿ ಮರ್ಯಾದೆ ತೋರಿಸುತ್ತಿದ್ದೀರಿ ಅಂತ ಗೊತ್ತಾಗುವುದು ಹೇಗೆ? ಅವರ ಉತ್ತರಗಳು ಚಿಕ್ಕದಾಗುತ್ತವೆ. ನಿಮ್ಮನ್ನು ಬಿಟ್ಟು ನಿಮ್ಮ ಅಪ್ಪನ ಹತ್ತಿರವೇ ಮಾತಾಡುತ್ತಾರೆ. ಇಲ್ಲವೇ "ಇದು ಆಫೀಸಲ್ಲಮ್ಮ" ಅಂತ ನಗುತ್ತಾ ಹೇಳುತ್ತಾರೆ. ನಗುತ್ತಾ ಹೇಳಿದರೂ ಅದು ನಿಜವಾದ ಮಾತು, ತಕ್ಷಣ ಅಂಕಲ್‌ಗೆ ಬನ್ನಿ. ಕಚೇರಿಯಲ್ಲಿ ಸಲಿಗೆ ಜಾಸ್ತಿಯಾದರೆ ಸೂಚನೆ ಬೇರೆ. ಅವರು ನಿಮ್ಮನ್ನು ಬಹುವಚನದಲ್ಲಿ ಮಾತಾಡಿಸಲು ಶುರು ಮಾಡುತ್ತಾರೆ, ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯುವುದಿಲ್ಲ, ಅಥವಾ ನಿಮ್ಮ ಮೇಲಿನವರ ಮೂಲಕ ಮಾತು ಕಳಿಸುತ್ತಾರೆ.

ನಡುವಿನ ಸಂದರ್ಭ ಒಂದಿದೆ. ಮದುವೆ, ಗೃಹಪ್ರವೇಶದಂಥ ಕಡೆ ಮನೆಯವರೂ ಇರುತ್ತಾರೆ, ಕಚೇರಿಯವರೂ ಇರುತ್ತಾರೆ. ಇಲ್ಲಿ ಯಾವುದು? ಅವರ ಪಕ್ಕದಲ್ಲಿ ಆ ಕ್ಷಣ ಯಾರು ನಿಂತಿದ್ದಾರೆ ನೋಡಿ. ಸಹೋದ್ಯೋಗಿಗಳ ಗುಂಪಿನಲ್ಲಿದ್ದರೆ "ನಮಸ್ಕಾರ ಸರ್". ಆಂಟಿಯ ಜೊತೆ ಇದ್ದರೆ ಮೊದಲು ಆಂಟಿಯನ್ನು ಮಾತಾಡಿಸಿ, "ಆಂಟಿ, ಚೆನ್ನಾಗಿದ್ದೀರಾ?" ಅಂತ. ಆಮೇಲೆ ಅವರ ಕಡೆ ತಿರುಗಿ ಬರೀ "ನಮಸ್ಕಾರ" ಅಂದರೆ ಸಾಕು, ಆಂಟಿ ಅಂದಿದ್ದರಲ್ಲೇ ಎಲ್ಲಾ ಬಂತು.

ಮೇಲಿನವರು ಹೆಂಗಸಾಗಿದ್ದರೆ ಇನ್ನೂ ಸ್ವಲ್ಪ ಎಚ್ಚರ ಬೇಕು. ಅಂಕಲ್ ಅನ್ನುವುದು ಕಚೇರಿಯಲ್ಲಿ ಬಾಯಿತಪ್ಪಿ ಬಂದರೆ ಜನ ನಕ್ಕು ಬಿಡುತ್ತಾರೆ. ಆಂಟಿ ಅನ್ನುವುದು ಬಂದರೆ ವಯಸ್ಸನ್ನು ಎತ್ತಿ ತೋರಿಸಿದ ಹಾಗೆ, ಅವರ ಹುದ್ದೆಯನ್ನು ಕೆಳಗಿಳಿಸಿದ ಹಾಗೆ ಕೇಳಿಸುತ್ತದೆ. ಆ ಪದವನ್ನು ಎಷ್ಟೋ ಜನ ಹಗುರವಾಗಿ ಬಳಸಿ ಬಳಸಿ ಹಾಗಾಗಿದೆ. ಕಚೇರಿಯ ಒಳಗೆ, ಇಬ್ಬರೇ ಇದ್ದರೂ, ಮೇಡಂ ಅಂತಲೇ ಇರಲಿ.

ಹಂತ 7: ನೀನು ಅಂತ ಕರೆದು ಬೆಳೆದವರಿಗೆ

ಕೆಲವು ಮನೆಗಳಲ್ಲಿ ಮಕ್ಕಳು ಅಪ್ಪನ ಗೆಳೆಯರನ್ನು "ಬಾ ಮಾಮ, ಕೂತ್ಕೋ" ಅಂತ ಏಕವಚನದಲ್ಲೇ ಮಾತಾಡಿಸುತ್ತಾರೆ. ಅದು ಪ್ರೀತಿಯಿಂದ ಬಂದದ್ದು. ಇವರಿಗೆ ಕೆಲಸ ಜಾಸ್ತಿ, ಯಾಕೆಂದರೆ ಪದದ ಜೊತೆಗೆ ಕ್ರಿಯಾಪದವನ್ನೂ ಬದಲಿಸಬೇಕು. ಸರ್ ಅನ್ನುವುದು ನೆನಪಿರುತ್ತದೆ, ವಾಕ್ಯದ ಕೊನೆ ಜಾರುತ್ತದೆ. "ಸರ್, ನೀನು..." ಅಂತ ಬಂದುಬಿಟ್ಟರೆ ಮುಚ್ಚುವುದು ಕಷ್ಟ.

ಇದಕ್ಕೆ ಒಂದು ದಾರಿ, ಮೊದಲ ಕೆಲವು ವಾರ ಅವರನ್ನು ನೇರವಾಗಿ ಪ್ರಶ್ನೆ ಕೇಳದೆ ಮಾತು ಕಟ್ಟುವುದು. "ನೋಡಿದ್ಯಾ" ಅನ್ನುವ ಬದಲು "ಆ ಕಡತ ನೋಡೋಕೆ ಸಮಯ ಸಿಕ್ತಾ ಸರ್?" "ಯಾವಾಗ ಬರ್ತೀಯ" ಅನ್ನುವ ಬದಲು "ಸಭೆ ಎಷ್ಟು ಗಂಟೆಗೆ ಸರ್?" ಇಂಥ ವಾಕ್ಯಗಳಲ್ಲಿ ನೀನು ನೀವು ಎರಡಕ್ಕೂ ಜಾಗವಿಲ್ಲ. ಈ ನಡುವೆ ಸಹೋದ್ಯೋಗಿಗಳ ಹತ್ತಿರ ಅವರ ಬಗ್ಗೆ ಹೇಳುವಾಗ "ಸರ್ ಬಂದ್ರು, ಸರ್ ಹೇಳಿದ್ರು" ಅಂತಲೇ ಹೇಳುತ್ತಾ ಬನ್ನಿ. ಅವರಿಲ್ಲದಾಗ ಬಹುವಚನ ಅಭ್ಯಾಸವಾದರೆ ಎದುರಿಗೆ ಸಿಕ್ಕಾಗಲೂ ತಾನಾಗಿ ಬರುತ್ತದೆ. ಮನೆಯಲ್ಲಿ ಮಾತ್ರ "ಬಾ ಮಾಮ" ಬಿಡಬೇಡಿ. ಇಷ್ಟು ವರ್ಷ ಇದ್ದದ್ದನ್ನು ಒಂದು ನೌಕರಿಗಾಗಿ ಬಿಟ್ಟರೆ ಅವರಿಗೆ ನಿಜವಾಗಿಯೂ ನೋವಾಗುತ್ತದೆ.

ಬಾಯಿ ತಪ್ಪಿದರೆ

ತಪ್ಪುತ್ತದೆ. ಸಭೆಯಲ್ಲಿ "ಅಂಕಲ್, ಒಂದು ಪ್ರಶ್ನೆ" ಅಂತ ಬಂದುಬಿಡುತ್ತದೆ. ಆಗ ಮಾಡಬೇಕಾದ್ದು ಒಂದೇ, ಅದೇ ವಾಕ್ಯವನ್ನು ನಿಲ್ಲಿಸದೆ ಮುಂದುವರಿಸಿ, ಅದರ ಕೊನೆಯಲ್ಲಿ ಸರ್ ಸೇರಿಸಿ: "ಈ ಲೆಕ್ಕ ಹೋದ ತಿಂಗಳದ್ದಾ ಸರ್?" ಸಾರಿ ಸರ್, ಅಭ್ಯಾಸ ಸರ್, ನಮ್ಮಪ್ಪನ ಫ್ರೆಂಡ್ ಸರ್ ಅಂತ ವಿವರಣೆ ಶುರು ಮಾಡಿದರೆ ಅರ್ಧ ಜನ ಗಮನಿಸದೇ ಇದ್ದದ್ದನ್ನು ಎಲ್ಲರೂ ಗಮನಿಸುತ್ತಾರೆ. ಸಭೆ ಮುಗಿದ ಮೇಲೆ ಅವರ ಕೋಣೆಗೆ ಹೋಗಿ ಕ್ಷಮೆ ಕೇಳುವುದೂ ಬೇಡ. ಸಂಜೆ ಫೋನಿನಲ್ಲಿ ಬೇರೆ ಮಾತಿಗೆ ಸಿಕ್ಕಾಗ "ಇವತ್ತು ಬಾಯಿ ತಪ್ಪಿತು ಅಂಕಲ್" ಅಂತ ಒಂದು ಸಾಲು ಹೇಳಿ. "ಅಯ್ಯೋ ಬಿಡಮ್ಮ" ಅಂತಾರೆ. ಅಲ್ಲಿಗೆ ಮುಗಿಯಿತು, ನಾಳೆ ಲಿಫ್ಟಿನಲ್ಲಿ ಎಂದಿನಂತೆ "ನಮಸ್ಕಾರ ಸರ್" ಅನ್ನಿ.